ಕೆಜಿಗೆ ಇಷ್ಟು ನಿಮಿಷ ಎಂಬ ಲೆಕ್ಕ ಎಲ್ಲಿ ಕೈಕೊಡುತ್ತದೆ?

ಪ್ರಶ್ನೆ: ಇಡೀ ಕೋಳಿ ರೋಸ್ಟ್ ಮಾಡಲು "ಕೆಜಿಗೆ 45 ನಿಮಿಷ, ಮೇಲೆ 20 ನಿಮಿಷ" ಅನ್ನೋ ಲೆಕ್ಕ ಇಟ್ಟುಕೊಂಡಿದ್ದೇನೆ. ಒಟಿಜಿಯಲ್ಲಿ 190 ಡಿಗ್ರಿಗೆ 1.2 ಕೆಜಿ ಕೋಳಿ ಚೆನ್ನಾಗಿಯೇ ಬರುತ್ತಿತ್ತು. ಈ ಸಲ ಅಷ್ಟೇ ತೂಕದ ಕೋಳಿಯ ಬೆನ್ನೆಲುಬು ತೆಗೆದು ಚಪ್ಪಟೆ ಮಾಡಿ ಇಟ್ಟೆ, ಅದೇ ಒಂದೂಕಾಲು ಗಂಟೆಗೆ ಎದೆ ಮಾಂಸ ನಾರು ನಾರಾಗಿ ಒಣಗಿಹೋಯಿತು. ಇನ್ನೊಂದು ದಿನ ಒಂದು ಕೆಜಿ ಬೀಟ್‌ರೂಟ್ (ದೊಡ್ಡವು, ಎರಡೇ ಗಡ್ಡೆ) ಫಾಯಿಲ್ ಸುತ್ತಿ ಇಟ್ಟರೆ ಒಂದು ಗಂಟೆ ಕಳೆದರೂ ಒಳಗೆ ಹಸಿ. ತಪ್ಪು ಲೆಕ್ಕದ್ದಾ, ಓವನ್ನಿನದ್ದಾ?

ಉತ್ತರ: ನಿಮ್ಮ ಓವನ್ ಮೇಲೆ ಅನುಮಾನ ಬೇಡ. ಚಪ್ಪಟೆ ಮಾಡಿದ 1.2 ಕೆಜಿ ಕೋಳಿಗೆ 190 ಡಿಗ್ರಿಯಲ್ಲಿ 45ರಿಂದ 50 ನಿಮಿಷ ಸಾಕು. ನೀವು ಕೊಟ್ಟದ್ದು 75. ಅರ್ಧ ಕೆಜಿಯ ಇಡೀ ಬೀಟ್‌ರೂಟ್‌ಗೆ ಎರಡು ಗಂಟೆಯ ಹತ್ತಿರ ಬೇಕು. ನೀವು ಕೊಟ್ಟದ್ದು ಒಂದು. ಎರಡೂ ಕಡೆ ಮೋಸವಾದದ್ದು ಒಂದೇ ಕಾರಣಕ್ಕೆ. ಶಾಖಕ್ಕೆ ತೂಕ ಗೊತ್ತಿಲ್ಲ. ಹೊರಗಿನ ಮೈಯಿಂದ ಒಳಗಿನ ನಡುಭಾಗಕ್ಕೆ ಎಷ್ಟು ದೂರ ಹೋಗಬೇಕು, ಎಷ್ಟು ಕಡೆಯಿಂದ ಒಳಗೆ ನುಗ್ಗಲು ದಾರಿಯಿದೆ, ಇವೆರಡೇ ಅದಕ್ಕೆ ಮುಖ್ಯ. ತೂಕದ ಲೆಕ್ಕ ಕೆಲಸ ಮಾಡುವುದು ಆಕಾರ ಒಂದೇ ಇದ್ದು, ಗಾತ್ರ ಮಾತ್ರ ಹೆಚ್ಚುಕಡಿಮೆ ಆದಾಗ. ಆಗ ತೂಕ ಹೆಚ್ಚಾದಂತೆ ದಪ್ಪವೂ ಹೆಚ್ಚುತ್ತದೆ, ಹಾಗಾಗಿ ತೂಕ ನೋಡಿ ದಪ್ಪವನ್ನು ಊಹಿಸಬಹುದು.

ನೀವು ಹಿಡಿದಿರುವ ಸೂತ್ರ ಬ್ರಿಟಿಷ್ ಅಡುಗೆಮನೆಯದು. ಅಲ್ಲಿ ಪೌಂಡಿಗೆ 20 ನಿಮಿಷ, ಮೇಲೆ 20 ನಿಮಿಷ ಎನ್ನುತ್ತಾರೆ. ಪೌಂಡ್ ಅಂದರೆ ಸುಮಾರು 450 ಗ್ರಾಂ, ಅದನ್ನು ಕೆಜಿಗೆ ತಂದರೆ 45 ನಿಮಿಷದ ಹತ್ತಿರ ಬರುತ್ತದೆ. ಇದರಲ್ಲಿ ಹೆಚ್ಚಿನವರು ಗಮನಿಸದೆ ಬಿಡುವುದು ಆ ಕೊನೆಯ 20 ನಿಮಿಷವನ್ನು. ಅದು ಸುಮ್ಮನೆ ಸೇರಿಸಿದ ಉಪಚಾರದ ಮಾತಲ್ಲ. ಕೋಳಿಯ ತೂಕ ಎರಡರಷ್ಟಾದರೆ ಅದರ ದಪ್ಪ ಎರಡರಷ್ಟಾಗುವುದಿಲ್ಲ, ಸುಮಾರು ಕಾಲುಭಾಗ ಮಾತ್ರ ಹೆಚ್ಚುತ್ತದೆ, ಏಕೆಂದರೆ ಕೋಳಿ ಉದ್ದ, ಅಗಲ, ಎತ್ತರ ಮೂರೂ ಕಡೆ ಬೆಳೆಯುತ್ತದೆ. ಹಾಗಾಗಿ ಬೇಯುವ ಸಮಯವೂ ಎರಡರಷ್ಟಾಗದೆ ಒಂದೂವರೆಯಷ್ಟು ಆಗುತ್ತದೆ. ಒಂದು ಕೆಜಿಗೆ 65 ನಿಮಿಷ ಹಿಡಿದರೆ ಎರಡು ಕೆಜಿಗೆ ನಿಜಕ್ಕೂ ಬೇಕಾಗುವುದು ನೂರು ನಿಮಿಷದ ಆಸುಪಾಸು. ಬರೀ "ಕೆಜಿಗೆ 65" ಎಂದು ಗುಣಿಸಿದ್ದರೆ 130 ಬರುತ್ತಿತ್ತು, ಕೋಳಿ ಒಣಗುತ್ತಿತ್ತು. ನಿಮ್ಮ ಸೂತ್ರದ ಪ್ರಕಾರ 110 ಬರುತ್ತದೆ, ಅಂದರೆ ನಿಜಕ್ಕೆ ಹತ್ತಿರ. ಎಲ್ಲ ಗಾತ್ರದ ಕೋಳಿಗೂ ತಗಲುವ ಒಂದು ಪಾಲನ್ನು ಬೇರೆ ತೆಗೆದಿಟ್ಟು, ಉಳಿದದ್ದನ್ನು ಮಾತ್ರ ತೂಕಕ್ಕೆ ಕಟ್ಟಿದ್ದರಿಂದ ಲೆಕ್ಕ ಇಷ್ಟು ಚೆನ್ನಾಗಿ ಕೂರುತ್ತದೆ. 20 ನಿಮಿಷ ಬಿಟ್ಟು ಬರೀ ಕೆಜಿಗೆ 45 ಎಂದು ನೆನಪಿಟ್ಟುಕೊಂಡವರಿಗೆ ಸಣ್ಣ ಕೋಳಿ ಹಸಿಯಾಗಿ ಉಳಿಯುತ್ತದೆ. 900 ಗ್ರಾಂ ಕೋಳಿಗೆ 40 ನಿಮಿಷ ಕೊಟ್ಟು ತೊಡೆಯ ಬುಡದಲ್ಲಿ ರಕ್ತ ಕಂಡು ಗಾಬರಿಯಾಗುವವರು ಇವರೇ.

ಆದರೂ ತೂಕಕ್ಕೆ ಎಷ್ಟು ಸಮಯ ಎಂದು ಗೆರೆ ಎಳೆದು ನೋಡಿದರೆ ಸೂತ್ರದ್ದು ಸೀದಾ ಗೆರೆ, ನಿಜವಾದದ್ದು ಬಾಗಿದ ಗೆರೆ. ಮುಕ್ಕಾಲು ಕೆಜಿಯಿಂದ ಎರಡು ಕೆಜಿಯವರೆಗೆ ಇವೆರಡೂ ಅಕ್ಕಪಕ್ಕದಲ್ಲೇ ನಡೆಯುತ್ತವೆ. ನಾಲ್ಕು ಕೆಜಿಯ ಟರ್ಕಿಗೆ ಇದೇ ಸೂತ್ರ ಹಾಕಿದರೆ 200 ನಿಮಿಷ ಬರುತ್ತದೆ, ನಿಜಕ್ಕೂ ಬೇಕಾದದ್ದಕ್ಕಿಂತ ಅದು ಅರ್ಧ ಗಂಟೆಗೂ ಮಿಕ್ಕಿ ಜಾಸ್ತಿ. ನಮ್ಮಲ್ಲಿ ಸಿಗುವ ಬಾಯ್ಲರ್ ಕೋಳಿಗಳಿಗೆ ಈ ತೊಂದರೆ ಬರುವುದಿಲ್ಲ. ಆದರೆ ಒಂದೊಂದು ಕೆಜಿಯ ಎರಡು ಕೋಳಿಗಳನ್ನು ಒಟ್ಟಿಗೆ ಇಟ್ಟು "ಎರಡು ಕೆಜಿ" ಎಂದು ಲೆಕ್ಕ ಹಾಕುವ ತಪ್ಪು ಬಹಳ ನಡೆಯುತ್ತದೆ. ಪಕ್ಕದ ಕೋಳಿ ಎಷ್ಟು ತೂಗುತ್ತದೆ ಎಂಬುದು ಈ ಕೋಳಿಯ ತೊಡೆಗೆ ಸಂಬಂಧವಿಲ್ಲದ ವಿಷಯ. ಒಂದು ಕೆಜಿಯ ಸಮಯವನ್ನೇ ಹಿಡಿದು, ಓವನ್ ಮೇಲೆ ಹೊರೆ ಹೆಚ್ಚಿದ್ದಕ್ಕೆ ಮತ್ತು ಎದುರುಬದುರಾದ ಮೈಗೆ ಗಾಳಿ ತಾಗದ್ದಕ್ಕೆ ಹತ್ತು ಹದಿನೈದು ನಿಮಿಷ ಸೇರಿಸಿದರೆ ಆಯಿತು. ಎರಡರ ನಡುವೆ ಮೂರು ಬೆರಳಾದರೂ ಜಾಗ ಬಿಡಿ.

ಈಗ ನಿಮ್ಮ ಚಪ್ಪಟೆ ಕೋಳಿಗೆ ಬರೋಣ. ಇಡೀ ಕೋಳಿಯ ಎದೆ ಮಾಂಸಕ್ಕೆ ಹೊರಗಿನಿಂದ, ಅಂದರೆ ಚರ್ಮದ ಕಡೆಯಿಂದ, ಚೆನ್ನಾಗಿ ಶಾಖ ಸಿಗುತ್ತದೆ. ಒಳಗಡೆ ಹೊಟ್ಟೆಯ ಪೊಳ್ಳಿನಲ್ಲಿ ತೇವದ ಗಾಳಿ ನಿಂತಿರುತ್ತದೆ, ಅದು ಬೇಗ ಬಿಸಿಯಾಗುವುದಿಲ್ಲ. ಹೀಗಾಗಿ ನಾಲ್ಕು ಸೆಂಟಿಮೀಟರ್ ದಪ್ಪದ ಎದೆಯನ್ನು ಶಾಖ ಹೆಚ್ಚುಕಡಿಮೆ ಒಂದೇ ಕಡೆಯಿಂದ ದಾಟಬೇಕು. ಇದಕ್ಕಿಂತ ಹಿಂದೆ ಬೀಳುವುದು ತೊಡೆಯ ಒಳಮಗ್ಗುಲು. ಅದು ಮೈಗೆ ಅಂಟಿಕೊಂಡಿರುತ್ತದೆ, ಕಾಲು ಕಟ್ಟಿದ್ದರೆ ಇನ್ನೂ ಒತ್ತಿಕೊಂಡಿರುತ್ತದೆ, ಗಾಳಿ ಅಲ್ಲಿಗೆ ಹೋಗುವುದೇ ಇಲ್ಲ. ಇಡೀ ಕೋಳಿಯ ಸಮಯವನ್ನು ನಿರ್ಧರಿಸುವುದು ಆ ಒಂದು ಮೂಲೆ. ಬೆನ್ನೆಲುಬು ಕತ್ತರಿಸಿ ತೆಗೆದು, ಎದೆ ಮೂಳೆಯ ಮೇಲೆ ಅಂಗೈ ಇಟ್ಟು ಅದುಮಿ ಚಪ್ಪಟೆ ಮಾಡಿದ ಮೇಲೆ ಪೊಳ್ಳೂ ಇಲ್ಲ, ಮೂಲೆಯೂ ಇಲ್ಲ. ಎದೆಗೆ ಮೇಲಿನಿಂದಲೂ ಕೆಳಗಿನಿಂದಲೂ ಶಾಖ ಬರುತ್ತದೆ, ಅಂದರೆ ಅದು ಎರಡೂ ಕಡೆಯಿಂದ ಎರಡೆರಡು ಸೆಂಟಿಮೀಟರ್ ದಾಟಿದರೆ ಸಾಕು. ತೊಡೆಗಳು ಅಂಚಿಗೆ ಬಂದು ತೆರೆದುಕೊಳ್ಳುತ್ತವೆ.

ದೂರ ಅರ್ಧವಾದರೆ ಸಮಯ ಎಷ್ಟಾಗುತ್ತದೆ? ಘನವಸ್ತುವಿನೊಳಗೆ ಶಾಖ ಹರಡುವ ನಿಯಮದಂತೆ, ದಪ್ಪ ಎರಡರಷ್ಟಾದರೆ ಸಮಯ ನಾಲ್ಕರಷ್ಟು, ಅರ್ಧವಾದರೆ ಕಾಲುಭಾಗ. ಓವನ್ನಿನಲ್ಲಿ ಅಷ್ಟು ಕಟ್ಟುನಿಟ್ಟಾಗಿ ನಡೆಯುವುದಿಲ್ಲ. ಬಿಸಿ ಗಾಳಿ ಶಾಖವನ್ನು ನಿಧಾನವಾಗಿ ಕೊಡುವ ಜಿಪುಣ. 190 ಡಿಗ್ರಿಯ ಓವನ್ನೊಳಗೆ ಕೈ ಹಾಕಿ ಟ್ರೇ ಹಿಂದಕ್ಕೆ ತಳ್ಳಿ ತೆಗೆಯಬಹುದು, 100 ಡಿಗ್ರಿಯ ಇಡ್ಲಿ ಪಾತ್ರೆಯ ಹಬೆಗೆ ಅದೇ ಕೈ ಹಿಡಿದರೆ ಬೊಬ್ಬೆ ಬರುತ್ತದೆ. ಗಾಳಿಯಿಂದ ಮೈಗೆ ಶಾಖ ಬರುವುದಕ್ಕೇ ಒಂದಷ್ಟು ಹೊತ್ತು ಹೋಗುವುದರಿಂದ, ದಪ್ಪ ಎರಡರಷ್ಟಾದಾಗ ಸಮಯ ನಾಲ್ಕರ ಬದಲು ಸುಮಾರು ಮೂರರಷ್ಟು ಆಗುತ್ತದೆ ಎಂದುಕೊಳ್ಳಿ. ಕೋಳಿಯ ವಿಷಯದಲ್ಲಿ ಪೊಳ್ಳಿನ ಕಡೆಯಿಂದಲೂ ಮೊದಲೇ ಅಷ್ಟಿಷ್ಟು ಶಾಖ ಬರುತ್ತಿತ್ತು, ಹಾಗಾಗಿ ಉಳಿತಾಯ ಇನ್ನೂ ಸ್ವಲ್ಪ ಕಡಿಮೆ. ಕೊನೆಗೆ ಕೈಗೆ ಸಿಗುವ ಲೆಕ್ಕ ಇದು: ಚಪ್ಪಟೆ ಮಾಡಿದ ಕೋಳಿಗೆ ಇಡೀ ಕೋಳಿಯ ಸಮಯದ ಮೂರನೇ ಎರಡು ಭಾಗ. 74 ನಿಮಿಷದ ಮೂರನೇ ಎರಡು ಭಾಗ 49.

ಒಂದು ಷರತ್ತಿದೆ. ಚಪ್ಪಟೆ ಕೋಳಿಯನ್ನು ನೇರವಾಗಿ ಟ್ರೇ ಮೇಲೆ ಹಾಸಿದರೆ ಕೆಳಗಿನ ಮೈ ತನ್ನದೇ ರಸದಲ್ಲಿ ಕೂರುತ್ತದೆ. ಆ ರಸ ಕುದಿಯುವ ಬಿಂದು ದಾಟುವುದಿಲ್ಲ, ಹಾಗಾಗಿ ಎರಡು ಕಡೆಯ ಶಾಖ ಎಂದು ನಾವು ಹಾಕಿದ ಲೆಕ್ಕ ಅರ್ಧಕ್ಕೆ ನಿಲ್ಲುತ್ತದೆ. ಟ್ರೇ ಮೇಲೆ ಕಂಬಿ ಜಾಲರಿ ಇಟ್ಟು, ಅದರ ಮೇಲೆ ಚರ್ಮದ ಕಡೆ ಮೇಲಾಗಿ ಕೋಳಿ ಹಾಸಿ, ಕೆಳಗೆ ಗಾಳಿ ಓಡಾಡುವಂತೆ ಮಾಡಿ. ಒಟಿಜಿ ಚಿಕ್ಕದಾದರೆ ಮೇಲಿನ ರಾಡ್ ಕೋಳಿಗೆ ತೀರಾ ಹತ್ತಿರ ಬಾರದಂತೆ ಕೆಳಗಿನ ಅಂತಸ್ತಿನಲ್ಲೇ ಇಡಿ. ಇಡೀ ಕೋಳಿಗೆ ಈ ಎಚ್ಚರ ಇನ್ನೂ ಹೆಚ್ಚು ಬೇಕು, ಏಕೆಂದರೆ ಅದರ ಎದೆ ಎತ್ತರದಲ್ಲಿರುತ್ತದೆ. ರಾಡಿಗೆ ನಾಲ್ಕು ಬೆರಳಿಗಿಂತ ಹತ್ತಿರವಿದ್ದರೆ ಒಳಗೆ ಬೇಯುವ ಮೊದಲೇ ಮೇಲೆ ಕಪ್ಪಾಗುತ್ತದೆ. ಬಣ್ಣ ಬಂದ ಕೂಡಲೇ ಎದೆಯ ಮೇಲೆ ಮಾತ್ರ ಫಾಯಿಲ್ ತುಂಡು ಹೊದಿಸುವುದು ಒಳ್ಳೆಯದು.

ಹೊಟ್ಟೆಗೆ ಅನ್ನವೋ ಮೊಟ್ಟೆಯೋ ತುಂಬಿದರೆ ಇದೆಲ್ಲ ಉಲ್ಟಾ ಆಗುತ್ತದೆ. ಪೊಳ್ಳಿದ್ದ ಜಾಗ ಗಟ್ಟಿಯಾಗಿ, ದಪ್ಪ ಒಮ್ಮೆಲೇ ಹೆಚ್ಚುತ್ತದೆ. 20ರಿಂದ 30 ನಿಮಿಷ ಹೆಚ್ಚು ಹಿಡಿಯಬೇಕು, ಜೊತೆಗೆ ಹೂರಣದ ನಡುವೆಯೂ ಕೋಳಿಗೆ ಸುರಕ್ಷಿತ ಮಟ್ಟವಾದ 74 ಡಿಗ್ರಿ ಬಂದಿದೆಯೇ ನೋಡಬೇಕು, ಏಕೆಂದರೆ ಹಸಿ ಕೋಳಿಯ ರಸ ಅಲ್ಲಿಗೇ ಇಳಿದಿರುತ್ತದೆ. ಅಷ್ಟು ಹೊತ್ತಿಗೆ ಎದೆ ಒಣಗಿರುತ್ತದೆ. ಹೂರಣವನ್ನು ಬೇರೆ ಪಾತ್ರೆಯಲ್ಲಿ ಮಾಡಿ ಜೊತೆಗೆ ಬಡಿಸುವುದೇ ಜಾಣತನ.

ಸೂತ್ರಕ್ಕೆ ಹಾಕುವ ತೂಕ ಯಾವುದು ಎಂಬುದರಲ್ಲೂ ಎಡವಟ್ಟಾಗುತ್ತದೆ. ನಮ್ಮ ಚಿಕನ್ ಅಂಗಡಿಗಳಲ್ಲಿ ಎಷ್ಟೋ ಕಡೆ ಜೀವಂತ ಕೋಳಿಯನ್ನೇ ತೂಗುತ್ತಾರೆ. ತಕ್ಕಡಿಯಲ್ಲಿ ಎರಡು ಕೆಜಿ ತೂಗಿದ ಕೋಳಿ, ಪುಕ್ಕ, ತಲೆ, ಪಾದ, ಕರುಳು ಹೋಗಿ ಚರ್ಮದ ಸಮೇತ 1.4 ಕೆಜಿ ಆಸುಪಾಸು ಉಳಿಯುತ್ತದೆ, ಚರ್ಮ ತೆಗೆಸಿದರೆ ಇನ್ನೂ ಕಡಿಮೆ. ಬಿಲ್ಲಿನ ಎರಡು ಕೆಜಿ ಹಿಡಿದು ಲೆಕ್ಕ ಹಾಕಿದರೆ 110 ನಿಮಿಷ, ಮನೆಯಲ್ಲಿ ತೂಗಿದ 1.4 ಹಿಡಿದರೆ 83. ಆ 27 ನಿಮಿಷವೇ ಕೋಳಿಯನ್ನು ಹಾಳು ಮಾಡಲು ಸಾಕು. ಟ್ರೇಗೆ ಹೋಗುವ ಕೋಳಿಯನ್ನು ಅಡುಗೆಮನೆಯ ತಕ್ಕಡಿಯಲ್ಲೇ ತೂಗಿ. ರೋಸ್ಟಿಗೆ "ವಿತ್ ಸ್ಕಿನ್" ಎಂದು ಹೇಳಿಯೇ ತನ್ನಿ. ಚರ್ಮವಿಲ್ಲದ ಕೋಳಿಯ ಮೇಲ್ಮೈ ಅರ್ಧ ಗಂಟೆಯಲ್ಲೇ ಒಣಗಿ ತೊಗಲಿನಂತಾಗುತ್ತದೆ, ಅದಕ್ಕೆ ಎಣ್ಣೆ ಸವರಿ ಎದೆಯನ್ನು ಮೊದಲಿನಿಂದಲೇ ಫಾಯಿಲ್‌ನಿಂದ ಮುಚ್ಚಬೇಕು. ನಾಟಿ ಕೋಳಿಗೆ ಈ ಸೂತ್ರ ಹಾಕಲೇಬೇಡಿ. 74 ಡಿಗ್ರಿ ಬರುವುದೇನೋ ಬರುತ್ತದೆ, ಆದರೆ ವಯಸ್ಸಾದ, ಓಡಾಡಿದ ಹಕ್ಕಿಯ ಸ್ನಾಯುವಿನ ನಾರು ಮೆತ್ತಗಾಗಲು ತೇವದಲ್ಲಿ ಗಂಟೆಗಟ್ಟಲೆ ಬೇಯಬೇಕು. ಅದು ಸಾರಿನ ಕೋಳಿ, ಓವನ್ನಿನದಲ್ಲ.

ಫ್ರೀಜರ್‌ನ ಕೋಳಿಯಾದರೆ ಒಳಗಿನ ಮಂಜು ಪೂರ್ತಿ ಹೋಗಿದೆಯೇ ಎಂದು ಹೊಟ್ಟೆಯೊಳಗೆ ಬೆರಳು ಹಾಕಿ ಬೆನ್ನೆಲುಬಿನ ಬದಿಯನ್ನು ಮುಟ್ಟಿ ನೋಡಿ. ಮಂಜು ಕರಗಿ ನೀರಾಗಲು ಬೇಕಾಗುವ ಶಾಖದಲ್ಲಿ ಅಷ್ಟೇ ನೀರನ್ನು 80 ಡಿಗ್ರಿ ಬಿಸಿ ಮಾಡಬಹುದು. ಅಂದರೆ ಒಳಗೆ ಗಟ್ಟಿ ಉಳಿದ ಪ್ರತಿ ಚೂರೂ ಎರಡು ಸಲ ಬೇಯಿಸಿದಷ್ಟು ಶಾಖ ಕೇಳುತ್ತದೆ. ಹೊರಗೆಲ್ಲ ಸರಿಯಾಗಿ ಕೆಂಪಾಗಿ, ತೊಡೆಯ ಬುಡ ಮಾತ್ರ ತಣ್ಣಗಿರುವ ಕೋಳಿಗೆ ಬಹುಪಾಲು ಇದೇ ಕಾರಣ. ಫ್ರಿಜ್ಜಿನ ಕೆಳಗಿನ ಅಂತಸ್ತಿನಲ್ಲಿ ಪೂರ್ತಿ ಒಂದು ದಿನ ಇಟ್ಟರೆ 1.2 ಕೆಜಿ ಕೋಳಿ ಸರಿಯಾಗಿ ಕರಗುತ್ತದೆ.

ಸೂತ್ರ ಎಷ್ಟೇ ಒಳ್ಳೆಯದಾದರೂ ಅದು ಹೇಳುವುದು ಕೋಳಿಯನ್ನು ಯಾವಾಗ ನೋಡಲು ಶುರು ಮಾಡಬೇಕು ಎಂಬುದನ್ನಷ್ಟೇ. ಯಾವಾಗ ತೆಗೆಯಬೇಕು ಎಂಬುದನ್ನು ಹೇಳುವುದು ಚುಚ್ಚುವ ಥರ್ಮಾಮೀಟರ್. ಅದನ್ನು ಸುಮ್ಮನೆ ಕೊನೆಯಲ್ಲಿ ಒಮ್ಮೆ ಚುಚ್ಚುವುದಕ್ಕಿಂತ ಎರಡು ಸಲ ಚುಚ್ಚಿ ಲೆಕ್ಕ ಹಾಕಿದರೆ ಆಕಾರದ ಗೊಂದಲವೆಲ್ಲ ತಾನಾಗಿ ಬಗೆಹರಿಯುತ್ತದೆ. ನಡುಭಾಗ ಮೊದಲ ಇಪ್ಪತ್ತು ನಿಮಿಷ ಹೆಚ್ಚೇನೂ ಬಿಸಿಯಾಗುವುದಿಲ್ಲ. ಆಮೇಲೆ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಏರುತ್ತದೆ. ಆ ವೇಗವನ್ನು ಹಿಡಿದುಕೊಂಡರೆ ಮುಗಿಯಿತು.

ನಿಮ್ಮದೇ 1.2 ಕೆಜಿ ಇಡೀ ಕೋಳಿಯನ್ನು ತೆಗೆದುಕೊಳ್ಳೋಣ. ಸೂತ್ರ ಹೇಳುವುದು 74 ನಿಮಿಷ. ಅದರ ಅರುವತ್ತು ಶೇಕಡಾ, ಅಂದರೆ 45ನೇ ನಿಮಿಷದಲ್ಲಿ ಟ್ರೇ ಹೊರಗೆಳೆದು, ಓವನ್ ಬಾಗಿಲು ಮುಚ್ಚಿ, ತೊಡೆಯ ದಪ್ಪ ಭಾಗಕ್ಕೆ ಮೈಯ ಕಡೆಯಿಂದ ಚುಚ್ಚಿ. ಮೊನೆ ಮೂಳೆಗೆ ತಾಗಬಾರದು. ತಾಗಿದರೆ ಸುತ್ತಲಿನ ಮಾಂಸದ ಬಿಸಿ ಸರಿಯಾಗಿ ತೋರಿಸುವುದಿಲ್ಲ, ಸ್ವಲ್ಪ ಹಿಂದಕ್ಕೆಳೆದು ಮತ್ತೆ ನೋಡಿ. ಅದೇ ಜಾಗದಲ್ಲಿ ಒಂದೆರಡು ಸಲ ಆಳ ಬದಲಿಸಿ ಸಿಕ್ಕ ಅತಿ ಕಡಿಮೆ ಅಂಕಿಯನ್ನು ಬರೆದುಕೊಳ್ಳಿ, ಏಕೆಂದರೆ ನಮಗೆ ಬೇಕಾದದ್ದು ಅತಿ ತಣ್ಣಗಿನ ಬಿಂದು. 53 ಡಿಗ್ರಿ ಬಂತು ಎಂದಿಟ್ಟುಕೊಳ್ಳಿ. ಹತ್ತು ನಿಮಿಷ ಬಿಟ್ಟು ಅದೇ ಜಾಗದಲ್ಲಿ ಮತ್ತೆ ನೋಡಿದಾಗ 62. ನಿಮಿಷಕ್ಕೆ 0.9 ಡಿಗ್ರಿ ಏರುತ್ತಿದೆ. ತೊಡೆಗೆ ನಮ್ಮ ಗುರಿ 78. ಇನ್ನೂ 16 ಡಿಗ್ರಿ ಬಾಕಿ, ಅಂದರೆ ಸುಮಾರು 18 ನಿಮಿಷ. ಒಟ್ಟು 73 ನಿಮಿಷ ಆಯಿತು, ಸೂತ್ರಕ್ಕೆ ಸರಿಹೋಯಿತು. ಈಗ ಚಪ್ಪಟೆ ಕೋಳಿ. 30ನೇ ನಿಮಿಷದಲ್ಲಿ ಎದೆಯ ದಪ್ಪ ಭಾಗಕ್ಕೆ ಕತ್ತಿನ ಕಡೆಯಿಂದ ಅಡ್ಡಲಾಗಿ ಚುಚ್ಚಿದಾಗ 55, 36ರಲ್ಲಿ 62. ನಿಮಿಷಕ್ಕೆ ಒಂದಕ್ಕಿಂತ ಸ್ವಲ್ಪ ಹೆಚ್ಚು. 71ಕ್ಕೆ ತೆಗೆಯುವುದಾದರೆ ಇನ್ನು ಎಂಟು ನಿಮಿಷ ಮಾತ್ರ. ಇದೇ ಕೋಳಿ 75 ನಿಮಿಷ ಒಳಗಿದ್ದರೆ ಎದೆ 90 ದಾಟಿರುತ್ತದೆ. ನಿಮಗೆ ಸಿಕ್ಕ ನಾರು ಅದೇ.

ಗುರಿಗಳು ಎರಡು ಇರುವುದಕ್ಕೆ ಕಾರಣವಿದೆ. ಅಮೆರಿಕದ ಕೃಷಿ ಇಲಾಖೆ ಕೋಳಿಗೆ ಹೇಳುವ ಸುರಕ್ಷಿತ ಮಟ್ಟ 165 ಫ್ಯಾರನ್‌ಹೀಟ್, ಅಂದರೆ 74 ಡಿಗ್ರಿ. ಎದೆಗೆ ಅಷ್ಟೇ ಸಾಕು, ಅದಕ್ಕಿಂತ ಪ್ರತಿ ಡಿಗ್ರಿ ಹೆಚ್ಚಾದಂತೆಲ್ಲ ರಸ ಹಿಂಡಿ ಹೊರಬರುತ್ತದೆ. ತೊಡೆಯಲ್ಲಿ ಕೊಬ್ಬೂ ಜೋಡಣೆಯ ನಾರೂ ಹೆಚ್ಚು, ಅದು 74ರಲ್ಲಿ ಬೆಂದಿದ್ದರೂ ಜಗಿಯಲು ರಬ್ಬರಿನಂತಿರುತ್ತದೆ, 78ರಿಂದ 82ರ ನಡುವೆ ಮೆತ್ತಗಾಗುತ್ತದೆ. ಕಾಲು ತೆರೆದಿಟ್ಟರೆ ಅಥವಾ ಕೋಳಿಯನ್ನು ಚಪ್ಪಟೆ ಮಾಡಿದರೆ ತೊಡೆ ಎದೆಗಿಂತ ಮುಂದೆ ಓಡುತ್ತದೆ, ನಮಗೆ ಬೇಕಾದದ್ದೂ ಅದೇ. ಅಂದವಾಗಿ ಕಾಣಲೆಂದು ಕಾಲುಗಳನ್ನು ದಾರದಲ್ಲಿ ಬಿಗಿದು ಕಟ್ಟುವುದು ಫೋಟೋಗೆ ಮಾತ್ರ ಒಳ್ಳೆಯದು. ಎದೆಯನ್ನು 71ಕ್ಕೆ ತೆಗೆಯಿರಿ ಎಂದದ್ದು ಏಕೆಂದರೆ ಹೊರಗಿನ ಬಿಸಿ ಪದರದ ಶಾಖ ಒಳಕ್ಕೆ ಇಳಿಯುತ್ತಲೇ ಇರುತ್ತದೆ. ಹತ್ತು ನಿಮಿಷದಲ್ಲಿ ಮೂರು ನಾಲ್ಕು ಡಿಗ್ರಿ ಏರುತ್ತದೆ. ಇದನ್ನು ನಂಬಿ ಕೂರಬೇಡಿ, ಹತ್ತು ನಿಮಿಷ ಬಿಟ್ಟು ಇನ್ನೊಮ್ಮೆ ಚುಚ್ಚಿ 74 ಕಂಡ ಮೇಲೆ ಕತ್ತರಿಸಿ. ಕಾಣದಿದ್ದರೆ ಐದು ನಿಮಿಷ ಮತ್ತೆ ಓವನ್‌ಗೆ.

ರಸದ ಬಣ್ಣ ನೋಡಿ ಬೆಂದಿದೆ ಎನ್ನುವುದು ಮಾತ್ರ ಬೇಡ. ಬಾಯ್ಲರ್ ಕೋಳಿ ಐದಾರು ವಾರದ ಎಳೆ ಹಕ್ಕಿ, ಅದರ ಮೂಳೆ ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ. ಮಜ್ಜೆಯ ಕೆಂಪು ಹೊರಗೆ ಜಿನುಗಿ, 80 ಡಿಗ್ರಿ ದಾಟಿದ ಮೇಲೂ ಮೂಳೆಯ ಸುತ್ತ ಗುಲಾಬಿ ಕಾಣಬಹುದು. ಅದನ್ನು ನೋಡಿ ಇನ್ನಷ್ಟು ಬೇಯಿಸಿದರೆ ಒಣಗುವುದು ಎದೆಯೇ.

ಕೋಳಿಯನ್ನು ತುಂಡು ಮಾಡಿದ ಮೇಲೆ ಕೆಜಿ ಲೆಕ್ಕವನ್ನು ಪೂರ್ತಿ ಮರೆತುಬಿಡಿ. ತೊಡೆ ಸಮೇತ ಇಡೀ ಲೆಗ್ ಪೀಸ್ ನಾಲ್ಕಿರಲಿ, ಎಂಟಿರಲಿ, 200 ಡಿಗ್ರಿಯಲ್ಲಿ 40ರಿಂದ 45 ನಿಮಿಷ. ಮೂರೂವರೆ ಸೆಂಟಿಮೀಟರ್ ದಪ್ಪದ ಬೋನ್‌ಲೆಸ್ ಎದೆ ತುಂಡಿಗೆ 20 ನಿಮಿಷ. ಇವೆರಡನ್ನೂ ಒಂದೇ ಟ್ರೇಯಲ್ಲಿ ಮಾಡುವವರು ಮೊದಲು ಲೆಗ್ ಇಟ್ಟು, 20 ನಿಮಿಷ ಕಳೆದ ಮೇಲೆ ಎದೆ ಸೇರಿಸಬೇಕು.

ಇನ್ನು ಬೀಟ್‌ರೂಟ್. ತರಕಾರಿಯಲ್ಲಿ ತೂಕದ ಲೆಕ್ಕ ಎಷ್ಟು ಕೆಡುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಒಂದು ಕೆಜಿಯಲ್ಲಿ 125 ಗ್ರಾಂನ ಎಂಟು ಗಡ್ಡೆ ಬರಬಹುದು, ನಿಮ್ಮ ಹಾಗೆ 500 ಗ್ರಾಂನ ಎರಡು ಬರಬಹುದು. ದುಂಡಗಿವೆ ಎಂದುಕೊಂಡರೆ ಸಣ್ಣದರ ಅಡ್ಡಳತೆ ಸುಮಾರು 6 ಸೆಂಟಿಮೀಟರ್, ದೊಡ್ಡದರದ್ದು ಹತ್ತಕ್ಕೆ ಸ್ವಲ್ಪ ಕಡಿಮೆ. ದಪ್ಪ ಸುಮಾರು 1.6 ಪಟ್ಟು. ಮೇಲೆ ಹೇಳಿದ ನಿಯಮದಂತೆ ಸಮಯ ಎರಡರಷ್ಟಕ್ಕೂ ಮೇಲೆ ಹೋಗುತ್ತದೆ. 200 ಡಿಗ್ರಿಯಲ್ಲಿ ಫಾಯಿಲ್ ಸುತ್ತಿದ ಸಣ್ಣ ಗಡ್ಡೆಗೆ 55 ನಿಮಿಷ ಹಿಡಿದರೆ ದೊಡ್ಡದಕ್ಕೆ ಎರಡು ಗಂಟೆ. ಕೆಜಿ ಸೂತ್ರಕ್ಕೆ ಎರಡೂ ಒಂದೇ. ದೊಡ್ಡ ಗಡ್ಡೆ ಸಿಕ್ಕರೆ ಮಾಡಬೇಕಾದದ್ದು ಇಷ್ಟೇ: ಸಿಪ್ಪೆ ಸಮೇತ ನಾಲ್ಕು ಹೋಳು ಮಾಡಿ, ಎರಡು ಚಮಚ ನೀರು ಚಿಮುಕಿಸಿ, ಫಾಯಿಲ್‌ನಲ್ಲಿ ಬಿಗಿಯಾಗಿ ಕಟ್ಟಿ ಒಂದು ಗಂಟೆ ಇಡಿ. ಬೆಂದ ಮೇಲೆ ಸಿಪ್ಪೆ ಬೆರಳಲ್ಲೇ ಜಾರುತ್ತದೆ.

ದಪ್ಪ ಒಂದೇ ಇದ್ದರೂ ತರಕಾರಿಗೆ ಕೋಳಿಗಿಂತ ಹೆಚ್ಚು ಹೊತ್ತು ಏಕೆ ಬೇಕು ಎಂದು ನಿಮಗೆ ಅನ್ನಿಸಬಹುದು. ಮಾಂಸ 74ಕ್ಕೆ ಬೆಂದಾಯಿತು. ತರಕಾರಿಯ ಜೀವಕೋಶಗಳನ್ನು ಅಂಟಿಸಿ ಹಿಡಿದಿರುವ ಪೆಕ್ಟಿನ್ ಸಡಿಲವಾಗುವುದು 85 ಡಿಗ್ರಿ ದಾಟಿದ ಮೇಲೆ, ಅದೂ ಕೆಲವು ನಿಮಿಷ ಅಲ್ಲೇ ನಿಂತರೆ. ಆಲೂಗಡ್ಡೆಯ ನಡುವೆ 96 ಬಂದಾಗ ಪುಡಿಪುಡಿಯಾಗುತ್ತದೆ. ನೂರರ ಹತ್ತಿರ ಬಂದಂತೆ ಶಾಖದ ಒಂದು ಪಾಲು ನೀರನ್ನು ಆವಿ ಮಾಡಲು ಹೋಗುವುದರಿಂದ ಕೊನೆಯ ಆ ಹತ್ತು ಡಿಗ್ರಿ ಏರುವುದು ತೆವಳಿಕೊಂಡೇ. ಹೀಗಾಗಿ ಕೋಳಿಯ ಜೊತೆ ಅದೇ ಟ್ರೇಗೆ ಕ್ಯಾರೆಟ್ಟನ್ನೂ ಆಲೂಗಡ್ಡೆಯನ್ನೂ ಹಾಕುವವರು ಅವನ್ನು ಕೋಳಿಯ ಎದೆಗಿಂತ ತೆಳ್ಳಗೆ, ಎರಡೂವರೆ ಮೂರು ಸೆಂಟಿಮೀಟರ್ ಒಳಗೆ, ಹೆಚ್ಚಿಕೊಳ್ಳಬೇಕು.

ಉದ್ದನೆಯ ತರಕಾರಿಗೆ ಇನ್ನೊಂದು ಸೌಲಭ್ಯವಿದೆ. ಗೆಣಸನ್ನು ನೋಡಿ. 200 ಗ್ರಾಂನ ಗಿಡ್ಡ ಗೆಣಸೂ 400 ಗ್ರಾಂನ ಉದ್ದ ಗೆಣಸೂ ಎರಡೂ 5 ಸೆಂಟಿಮೀಟರ್ ದಪ್ಪ ಇದ್ದರೆ ಎರಡಕ್ಕೂ 200 ಡಿಗ್ರಿಯಲ್ಲಿ ಅದೇ 45ರಿಂದ 50 ನಿಮಿಷ. ಶಾಖ ಬರುವುದು ಸುತ್ತಲಿನಿಂದ, ತುದಿಗಳಿಂದಲ್ಲ. ಉದ್ದ ಹೆಚ್ಚಾದರೆ ನಡುಭಾಗ ದೂರವಾಗುವುದಿಲ್ಲ. 4 ಸೆಂಟಿಮೀಟರ್ ದಪ್ಪದ್ದಕ್ಕೆ 35 ನಿಮಿಷ, 7 ಇದ್ದರೆ ಒಂದು ಗಂಟೆ ಇಪ್ಪತ್ತು ನಿಮಿಷ. ಸಂತೆಯಲ್ಲೇ ಒಂದೇ ದಪ್ಪದ ಗೆಣಸು ಆರಿಸಿಕೊಂಡರೆ ತೂಕ ಕೇಳುವ ಅಗತ್ಯವೇ ಬೀಳುವುದಿಲ್ಲ. ಬೋನ್‌ಲೆಸ್ ಚಿಕನ್ ಸುರುಳಿ ಸುತ್ತಿ ದಾರ ಕಟ್ಟಿ ಮಾಡುವ ರೋಲಿಗೂ ಇದೇ ಮಾತು. ಒಂದು ಕೆಜಿ ರೋಲೂ ಎರಡು ಕೆಜಿ ರೋಲೂ ಒಂದೇ ದಪ್ಪ ಇದ್ದರೆ ಒಂದೇ ಸಮಯ. ಕ್ಯಾರೆಟ್ಟಿನಂತೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ಚೂಪಾಗಿರುವುದನ್ನು ಮಾತ್ರ ಒಂದೇ ಉದ್ದಕ್ಕೆ ಹೆಚ್ಚಿದರೆ ತುದಿ ಸುಟ್ಟು ಬುಡ ಗಟ್ಟಿಯಾಗಿರುತ್ತದೆ. ಬುಡವನ್ನು ಉದ್ದಕ್ಕೆ ಸೀಳಿ, ತುದಿಯನ್ನು ಹಾಗೇ ಬಿಡಿ. ಇಲ್ಲಿ ಸಮ ಮಾಡಬೇಕಾದದ್ದು ದಪ್ಪವನ್ನು.

ಹೆಚ್ಚಿದ ಹೋಳುಗಳಲ್ಲಿ ತೂಕ ಬೇರೊಂದು ದಾರಿಯಿಂದ ಮತ್ತೆ ಒಳಗೆ ಬರುತ್ತದೆ. 30 ಲೀಟರ್ ಆಸುಪಾಸಿನ ಒಟಿಜಿಯ ಟ್ರೇ ಸುಮಾರು 30 ಸೆಂಟಿಮೀಟರ್ ಉದ್ದ, 25 ಅಗಲ ಇರುತ್ತದೆ ಎನ್ನಿ. ಎರಡೂವರೆ ಸೆಂಟಿಮೀಟರ್‌ನ ಆಲೂಗಡ್ಡೆ ಹೋಳು ಒಂದೊಂದು 17 ಗ್ರಾಂ ತೂಗುತ್ತದೆ. ಒಂದು ಕೆಜಿಗೆ ಅರುವತ್ತು ಹೋಳು, ಅವು ಟ್ರೇಯ ಅರ್ಧ ಜಾಗ ಹಿಡಿಯುತ್ತವೆ, ಉಳಿದರ್ಧ ನಡುನಡುವೆ ಖಾಲಿ. ಇದು 200 ಡಿಗ್ರಿಯಲ್ಲಿ 35ರಿಂದ 40 ನಿಮಿಷಕ್ಕೆ ಕೆಂಪಾಗಿ ಬರುತ್ತದೆ, ಅರ್ಧ ಕೆಜಿ ಹಾಕಿದರೂ ಅಷ್ಟೇ ಹೊತ್ತು. ಒಂದೂವರೆ ಕೆಜಿ ಹಾಕಿದಾಗ ಸಂದುಗಳು ಮುಚ್ಚುತ್ತಾ ಬರುತ್ತವೆ. ಎರಡು ಕೆಜಿಗೆ ಹೋಳಿಗೆ ಹೋಳು ಅಂಟಿ, ಬಿಟ್ಟ ನೀರು ಹೊರಹೋಗಲು ದಾರಿಯಿಲ್ಲದೆ ಎಲ್ಲ ಆವಿಯಲ್ಲಿ ಬೇಯುತ್ತದೆ. ಅದರ ಗುರುತು ಸುಲಭ: 20 ನಿಮಿಷ ಕಳೆದ ಮೇಲೆ ಬಾಗಿಲು ತೆಗೆದಾಗ ಮುಖಕ್ಕೆ ಹಬೆ ಹೊಡೆಯುತ್ತದೆ, ಟ್ರೇ ತಳದಲ್ಲಿ ನೀರು ಮಿನುಗುತ್ತದೆ, ಹೋಳು ಮೆತ್ತಗಾಗಿದೆ ಆದರೆ ಬಣ್ಣವಿಲ್ಲ. ಆಗ ನಿಮಿಷ ಹೆಚ್ಚಿಸಿ ಪ್ರಯೋಜನವಿಲ್ಲ. ಅರ್ಧ ತೆಗೆದು ಎರಡನೇ ಸರದಿಗೆ ಇಡಬೇಕು.

ಹೋಳನ್ನು ತೀರಾ ಸಣ್ಣದು ಮಾಡಿದರೂ ಸಮಯ ಉಳಿಯುವುದಿಲ್ಲ. ಒಂದೂವರೆ ಸೆಂಟಿಮೀಟರ್ ಹೋಳು ಒಳಗೆ ಬೇಯಲು ಹದಿನೈದು ನಿಮಿಷ ಸಾಕು, ಆದರೆ ಮೇಲ್ಮೈ ಒಣಗಿ ಕೆಂಪಾಗಲು 25 ನಿಮಿಷ ಬೇಕೇ ಬೇಕು. ಅಷ್ಟು ಹೊತ್ತಿಗೆ ಒಳಗೆ ತಿನ್ನಲು ಏನೂ ಉಳಿದಿರುವುದಿಲ್ಲ, ಬರೀ ಗರಿಗರಿ ಸಿಪ್ಪೆ. ಆಲೂಗಡ್ಡೆ, ಸಿಹಿಗುಂಬಳ, ಗೆಣಸು ಮೂರಕ್ಕೂ ಎರಡೂವರೆ ಸೆಂಟಿಮೀಟರ್, ಅಂದರೆ ಸುಮಾರು ಒಂದಿಂಚು, ಒಳಗಿನ ಬೇಯುವಿಕೆಯೂ ಹೊರಗಿನ ಬಣ್ಣವೂ ಒಟ್ಟಿಗೆ ಮುಗಿಯುವ ಅಳತೆ.